ಗುರುತಿನ ಮೀನು ಹೆಚ್ಚು ಸಿಕ್ಕಿದಾಗ ನಾನು ಮಾಡಿದ ತಪ್ಪು

ಕೆರೆ ಮೀನಿನ ಲೆಕ್ಕ ನನ್ನ ಕೆಲಸ. ಬಯಲುಸೀಮೆಯ ಒಂದು ಕೆರೆಯಲ್ಲಿ, ಸುಮಾರು ಇಪ್ಪತ್ತು ಎಕರೆ ನೀರಿನಲ್ಲಿ ಎಷ್ಟು ಕಾಟ್ಲಾ ಉಳಿದಿವೆ ಎಂದು ಮೀನುಗಾರರ ಸಂಘದವರು ಕೇಳಿದ್ದರು. ಹೊಸ ಮರಿ ಎಷ್ಟು ಬಿಡಬೇಕು ಅನ್ನೋದು ಆ ಲೆಕ್ಕದ ಮೇಲೆ ನಿಂತಿತ್ತು.

ನೀರೊಳಗಿನ ಮೀನನ್ನು ಒಂದೊಂದಾಗಿ ಎಣಿಸಲು ಆಗಲ್ಲ. ಅದಕ್ಕೆ ಗುರುತು ಹಾಕಿ ಬಿಟ್ಟು, ಮತ್ತೆ ಹಿಡಿಯುವ ವಿಧಾನ ಇದೆ. ಕೆಲವು ಮೀನು ಹಿಡಿದು ಗುರುತು ಹಾಕಿ ಬಿಡುತ್ತೇವೆ. ಕೆಲವು ದಿನ ಬಿಟ್ಟು ಮತ್ತೆ ಬಲೆ ಎಳೆಯುತ್ತೇವೆ. ಎರಡನೇ ಸಲ ಸಿಕ್ಕ ಮೀನಲ್ಲಿ ಗುರುತಿನವು ಎಷ್ಟು ಪಾಲೋ, ಇಡೀ ಕೆರೆಯಲ್ಲೂ ಗುರುತಿನವು ಅಷ್ಟೇ ಪಾಲು ಎಂದು ಹಿಡಿದು ಲೆಕ್ಕ ಮಾಡುತ್ತೇವೆ. ಡೆನ್ಮಾರ್ಕಿನ ಪೀಟರ್ಸನ್ ಮತ್ತು ಅಮೆರಿಕದ ಲಿಂಕನ್ ಇಬ್ಬರ ಹೆಸರಲ್ಲಿ ಈ ಸೂತ್ರ ಇದೆ.

ಮೊದಲ ದಿನ ಬೆಳಗಿನ ಜಾವ ತೂಬಿನ ಬಳಿ ಎಳೆಬಲೆ ಹಾಕಿದೆವು. 200 ಕಾಟ್ಲಾ ಸಿಕ್ಕವು. ಹೊಟ್ಟೆ ಕೆಳಗೆ ಜೋಡಿ ರೆಕ್ಕೆ ಇರುತ್ತಲ್ಲ, ಅದರಲ್ಲಿ ಎಡಗಡೆಯದರ ತುದಿಯನ್ನು ಸಣ್ಣ ಕತ್ತರಿಯಿಂದ ಕತ್ತರಿಸಿ ಅಲ್ಲೇ ಬಿಟ್ಟೆವು. ಒದ್ದೆ ಕೈಯಲ್ಲೇ ಮೀನು ಹಿಡಿಯಬೇಕು, ಒಣ ಕೈಗೆ ಮೈಮೇಲಿನ ಲೋಳೆ ಅಂಟಿ ಹೋಗಿ ಅದಕ್ಕೆ ಪೆಟ್ಟಾಗುತ್ತೆ. ಮರುದಿನ ಬೆಳಿಗ್ಗೆ ತೂಬಿನ ಬಳಿಯೂ ಕೆರೆಯ ಆಚೆ ಬದಿಯಲ್ಲೂ ಮತ್ತೆ ಬಲೆ. 150 ಮೀನು ಸಿಕ್ಕವು, ಅದರಲ್ಲಿ 50ಕ್ಕೆ ಗುರುತು ಇತ್ತು. 200 × 150 ÷ 50, ಅಂದರೆ 600 ಮೀನು. ಮರು ಹಿಡಿತ ಇಷ್ಟು ಚೆನ್ನಾಗಿ ಬಂದಿದ್ದು ನೋಡಿ ನನಗೆ ಖುಷಿಯಾಯಿತು.

ಬಲೆ ಎಳೆಯುತ್ತಿದ್ದ ಹಿರಿಯರು ಒಬ್ಬರು ಒಪ್ಪಲಿಲ್ಲ. "ಸರ್, ನಿನ್ನೆ ಇಲ್ಲೇ ಬಿಟ್ರಿ, ಇವತ್ತು ಇಲ್ಲೇ ಹಿಡಿದ್ರಿ. ಅವು ಇನ್ನೂ ಕೆರೆ ಸುತ್ತಿ ಬಂದಿಲ್ಲ," ಎಂದರು.

ನನ್ನ ಪುಸ್ತಕದಲ್ಲಿ ಎರಡು ಜಾಗದ ಹಿಡಿತವನ್ನು ಬೇರೆ ಬೇರೆ ಬರೆದಿದ್ದೆ. ಸದ್ಯ, ಅದೇ ಕಾಪಾಡಿತು. ತೂಬಿನ ಬಳಿ ಸಿಕ್ಕ 70 ಮೀನಲ್ಲಿ 46ಕ್ಕೆ ಗುರುತು. ಹಳ್ಳ ಬಂದು ಸೇರುವ ಆಚೆ ಬದಿಯಲ್ಲಿ ಸಿಕ್ಕ 80ರಲ್ಲಿ ಬರೀ 4. ಗುರುತಿನ ಮೀನು ಎಲ್ಲ ಕಡೆ ಬೆರೆತಿದ್ದರೆ ಎರಡೂ ಕಡೆ ಪಾಲು ಹೆಚ್ಚೂಕಡಿಮೆ ಒಂದೇ ಇರಬೇಕಿತ್ತು. ನಾನು ಎಣಿಸಿದ್ದು ತೂಬಿನ ಸುತ್ತಲಿನ ಮೀನನ್ನು, ಕೆರೆಯನ್ನಲ್ಲ. ಗುರುತಿನವು ಜಾಸ್ತಿ ಸಿಕ್ಕಷ್ಟೂ ಉತ್ತರ ಕಮ್ಮಿ ಬರುತ್ತೆ. ನನಗೆ ಖುಷಿ ಕೊಟ್ಟ ಅದೇ 50, ಲೆಕ್ಕವನ್ನು ತೀರಾ ಕೆಳಗೆ ಎಳೆದಿತ್ತು.

ಎರಡನೇ ಸಲ ಕೆಲಸದ ಕ್ರಮ ಬದಲಾಯಿಸಿದೆ. ಐದು ಜಾಗದಲ್ಲಿ ಹಿಡಿದು, ಹರಿಗೋಲಿನಲ್ಲಿ ಹೋಗಿ ಕೆರೆಯ ತುಂಬ ಹಂಚಿ ಬಿಟ್ಟೆವು. ಹಳೆ ಗುರುತಿನ ಜೊತೆ ಗೊಂದಲ ಆಗದಂತೆ ಈ ಸಲ ಬಲಗಡೆಯ ರೆಕ್ಕೆ. 20 ಗುರುತಿನ ಮೀನನ್ನು ಒಂದು ರಾತ್ರಿ ನೀರಲ್ಲೇ ಕಟ್ಟಿದ ಬಟ್ಟೆ ಬಲೆಯ ಚೀಲದಲ್ಲಿ ಇಟ್ಟು ನೋಡಿದೆವು, ಒಂದೂ ಸಾಯಲಿಲ್ಲ. ಇದನ್ನು ಬಿಡಬಾರದು. ಗುರುತು ಹಾಕಿದವು ನಮಗೆ ಗೊತ್ತಿಲ್ಲದೆ ಸತ್ತರೆ ಮರು ಹಿಡಿತ ಕಮ್ಮಿಯಾಗಿ, ಕೆರೆಯಲ್ಲಿ ಇಲ್ಲದ ಮೀನು ಲೆಕ್ಕದಲ್ಲಿ ಬಂದುಬಿಡುತ್ತೆ. ನಂತರ ಆ ಇಪ್ಪತ್ತನ್ನೂ ಕೆರೆಗೇ ಬಿಟ್ಟೆವು. ಒಟ್ಟು 210 ಮೀನಿಗೆ ಗುರುತು. ಸಂಘದವರು ಒಂದು ವಾರ ಮೀನು ಹಿಡಿಯುವುದನ್ನು ನಿಲ್ಲಿಸಿದರು. ಕೋಡಿ ಹರಿಯುತ್ತಿರಲಿಲ್ಲ, ಹಾಗಾಗಿ ಮೀನು ಹೊರಗೆ ಹೋಗುವ ಭಯವೂ ಇರಲಿಲ್ಲ.

ವಾರದ ನಂತರ 190 ಸಿಕ್ಕವು. ಬಲಗಡೆ ಗುರುತು ಇದ್ದಿದ್ದು 15ಕ್ಕೆ. ಜಾಗವಾರು ನೋಡಿದರೆ ಎಲ್ಲ ಕಡೆ ಎರಡು, ಮೂರು, ನಾಲ್ಕು ಹೀಗೆ ಹಂಚಿಕೊಂಡಿದ್ದವು. ಮರು ಹಿಡಿತ ಸಣ್ಣದಿದ್ದಾಗ ಸರಳ ಸೂತ್ರ ಸ್ವಲ್ಪ ಜಾಸ್ತಿ ತೋರಿಸುತ್ತೆ. ಅದಕ್ಕೆ ಚಾಪ್‌ಮನ್ ತಿದ್ದಿದ ಸೂತ್ರ ಬಳಸಿದೆ:

```
N = (M+1)(C+1)/(R+1) - 1
  = 211 × 191 / 16 - 1 ≈ 2518
```

ಇಲ್ಲಿ M ಗುರುತು ಹಾಕಿದವು, C ಎರಡನೇ ಸಲ ಹಿಡಿದವು, R ಅದರಲ್ಲಿ ಗುರುತು ಇದ್ದವು. ಮೊದಲು ಬಂದ 600ಕ್ಕೆ ಇದು ನಾಲ್ಕು ಪಟ್ಟಿಗಿಂತ ಹೆಚ್ಚು.

ಆದರೆ 2,518 ಅಂತಷ್ಟೇ ಸಂಘಕ್ಕೆ ಹೇಳಲು ಮನಸ್ಸಾಗಲಿಲ್ಲ. 15 ಬದಲು 12 ಸಿಕ್ಕಿದ್ದರೆ ಉತ್ತರ 3,100 ಆಗುತ್ತಿತ್ತು, 18 ಸಿಕ್ಕಿದ್ದರೆ 2,120. ಮೂರು ಮೀನಿನ ವ್ಯತ್ಯಾಸ ಅಷ್ಟೇ, ಅಲ್ವಾ? 95 ಪ್ರತಿಶತ ನಂಬಿಕೆಯ ವ್ಯಾಪ್ತಿ ಲೆಕ್ಕ ಹಾಕಿದಾಗ ಸುಮಾರು 1,400ರಿಂದ 3,600 ಬಂತು. ಇನ್ನೊಂದು ಮಾತು, ನಮ್ಮ ಬಲೆಯ ಕಣ್ಣಿನಿಂದ ಸಣ್ಣ ಮೀನು ನುಸುಳಿ ಹೋಗುತ್ತವೆ. ಆ ಬಲೆಗೆ ಸಿಗುವಷ್ಟು ದೊಡ್ಡ ಕಾಟ್ಲಾದ ಲೆಕ್ಕ ಮಾತ್ರ ಇದು.

ಸಂಘದ ಅಧ್ಯಕ್ಷರು ವ್ಯಾಪ್ತಿ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಾಗಾದ್ರೆ ಕಡಿಮೆ ಇರೋ ಸಂಖ್ಯೆಯನ್ನೇ ಲೆಕ್ಕಕ್ಕೆ ಇಟ್ಟುಕೊಂಡು ಹಿಡಿಯೋಣ, ಮರಿ ಬಿಡೋ ಮುಂಚೆ ಇನ್ನೊಂದು ಸಲ ಗುರುತು ಹಾಕೋಣ" ಎಂದರು. ಈಗ ಅದಕ್ಕೆ ತಯಾರಿ ನಡೆದಿದೆ. ಈ ಸಲ 400 ಮೀನಿಗೆ ಗುರುತು ಹಾಕುವ ಯೋಚನೆ ಇದೆ.