ಮೂರು ಬಾಟಲಿ, ಎರಡು ಕಣ್ಣು, ಒಂದು ಹಾಳೆ

ಗ್ಲಾಕೋಮಾ ಅಂದರೆ ಕಣ್ಣಿನ ಒಳಗಿನ ಒತ್ತಡದಿಂದ ನರ ಹಾಳಾಗುವ ಕಾಯಿಲೆ. ಅದರ ಕ್ಲಿನಿಕ್‌ನಲ್ಲಿ ಒತ್ತಡ ಇಳಿಯದಿದ್ದರೆ ಮೊದಲು ಬರುವ ಅನುಮಾನ ಮದ್ದಿನ ಮೇಲೆ. ಇನ್ನೊಂದು ಹನಿ ಸೇರಿಸಬೇಕಾ, ಆಪರೇಷನ್ ಮಾಡಬೇಕಾ ಅಂತ ಮಾತು ಶುರುವಾಗುತ್ತದೆ. ನಾನು ಆಪ್ಟೋಮೆಟ್ರಿಸ್ಟ್. ಮದ್ದು ಬದಲಿಸುವುದು ನನ್ನ ಕೆಲಸವಲ್ಲ. ಆದರೆ ಹನಿ ನಿಜವಾಗಿ ಕಣ್ಣಿಗೆ ಹೋಗುತ್ತಿದೆಯಾ ಅಂತ ನೋಡುವುದು ನನ್ನ ಕೆಲಸ.

ದಾವಣಗೆರೆ ಹತ್ತಿರದ ಹಳ್ಳಿಯಿಂದ ಬರುವ ಒಬ್ಬ ಅಜ್ಜಿಯ ಉದಾಹರಣೆ ಹೇಳುತ್ತೇನೆ. ವಯಸ್ಸು ಎಪ್ಪತ್ತು ದಾಟಿದೆ, ಒಬ್ಬರೇ ಇರುತ್ತಾರೆ, ಬೆರಳಿನ ಗಂಟುಗಳಲ್ಲಿ ನೋವು. ಅವರಿಗೆ ಮೂರು ಬಾಟಲಿ. ಲ್ಯಾಟನೊಪ್ರಾಸ್ಟ್ ರಾತ್ರಿ ಒಂದು ಸಲ, ಎರಡೂ ಕಣ್ಣಿಗೆ. ಡಾರ್ಜೊಲಮೈಡ್ ಮತ್ತು ಟಿಮೊಲಾಲ್ ಸೇರಿದ ಹನಿ ದಿನಕ್ಕೆ ಎರಡು ಸಲ, ಅದೂ ಎರಡೂ ಕಣ್ಣಿಗೆ. ಬ್ರಿಮೊನಿಡಿನ್ ದಿನಕ್ಕೆ ಎರಡು ಸಲ, ಆದರೆ ಬಲಗಣ್ಣಿಗೆ ಮಾತ್ರ. ಇಷ್ಟೆಲ್ಲಾ ಹಾಕಿದರೂ ಒತ್ತಡ 26ರ ಆಸುಪಾಸು.

"ದಿನಾ ಹಾಕ್ತೀರಾ ಅಜ್ಜಿ?" ಅಂತ ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ. ಹಾಗಾಗಿ ನಾನು ಬೇರೆ ಪ್ರಶ್ನೆ ಕೇಳುತ್ತೇನೆ: "ಈ ಚಿಕ್ಕ ಬಾಟಲಿ ಎಷ್ಟು ದಿನ ಬರುತ್ತೆ?"

"ಇಪ್ಪತ್ತು ದಿನಕ್ಕೇ ಮುಗೀತದವ್ವಾ. ಮಗ ತಿಂಗಳಿಗೊಂದು ತರ್ತಾನೆ."

ಇಲ್ಲೇ ಲೆಕ್ಕ ಸಿಕ್ಕಿತು. ಲ್ಯಾಟನೊಪ್ರಾಸ್ಟ್‌ನ 2.5 ಎಂಎಲ್ ಬಾಟಲಿಯಲ್ಲಿ ಸುಮಾರು 80 ಹನಿ ಇರುತ್ತವೆ. ಕಂಪನಿಯಿಂದ ಕಂಪನಿಗೆ ಸ್ವಲ್ಪ ಹೆಚ್ಚುಕಡಿಮೆ. ಎರಡು ಕಣ್ಣಿಗೆ ದಿನಕ್ಕೆ ಒಂದೊಂದು ಹನಿ ಅಂದರೆ ತಿಂಗಳಿಗೆ 60. ಕೈತಪ್ಪಿ ಚೆಲ್ಲಿದರೂ ತಿಂಗಳು ದಾಟಬೇಕು. ಇಪ್ಪತ್ತೇ ದಿನಕ್ಕೆ ಮುಗಿದರೆ ದಿನಕ್ಕೆ ನಾಲ್ಕು ಹನಿ ಖರ್ಚಾಗುತ್ತಿವೆ, ಉಳಿದ ಹತ್ತು ದಿನ ಕಣ್ಣಿಗೆ ರಾತ್ರಿಯ ಮದ್ದೇ ಇಲ್ಲ. ಇದಕ್ಕೆ ಉಲ್ಟಾ ಕೂಡ ನೋಡುತ್ತೇವೆ. ಒಂದು ಬಾಟಲಿ ಎರಡು ತಿಂಗಳು ಬಂತು ಅಂತ ಯಾರಾದರೂ ಖುಷಿಯಾಗಿ ಹೇಳಿದರೆ ಅವರು ಮೂರರಲ್ಲಿ ಒಂದು ದಿನವಾದರೂ ಹಾಕಿಯೇ ಇಲ್ಲ.

ಆಮೇಲೆ ಅವರ ಬಾಟಲಿಯಿಂದಲೇ ಹಾಕಿ ತೋರಿಸಲು ಹೇಳಿದೆ. (ಆ ಹೊತ್ತಿನ ಹನಿ ಇನ್ನೂ ಬಾಕಿ ಇತ್ತು. ಹಾಕಿಯಾಗಿದ್ದರೆ ಮದ್ದಿಲ್ಲದ ಕೃತಕ ಕಣ್ಣೀರಿನ ಹನಿ ಕೊಟ್ಟು ನೋಡುತ್ತೇವೆ.) ಕುರ್ಚಿಯಲ್ಲಿ ಕೂತು ತಲೆ ಸ್ವಲ್ಪ ಎತ್ತಿದರು. ಮೊದಲ ಹನಿ ಕೆನ್ನೆ ಮೇಲೆ ಬಿತ್ತು, ಎರಡನೇದು ಕಣ್ಣಿಗೆ. ಬಾಟಲಿಯ ತುದಿ ರೆಪ್ಪೆಗೆ ತಾಗಿತು. ಹಾಕಿದ ಕೂಡಲೇ ಪಟಪಟ ಕಣ್ಣು ಮಿಟುಕಿಸಿ ಇನ್ನೊಂದು ಬಾಟಲಿಗೆ ಕೈ ಹಾಕಿದರು. ಮೂರೂ ಮದ್ದು ಹೀಗೇ ಒಂದರ ಹಿಂದೆ ಒಂದು ಅಂತೆ.

ಕಣ್ಣು ಹಿಡಿದಿಟ್ಟುಕೊಳ್ಳುವುದು ಒಂದು ಹನಿಗಿಂತ ಕಡಿಮೆ. ಎರಡನೇ ಹನಿ ಸುಮ್ನೆ ಕೆನ್ನೆಗೆ ಹರಿಯುತ್ತದೆ, ಇಲ್ಲವೇ ಮೊದಲನೆಯದನ್ನು ತೊಳೆದುಕೊಂಡು ಹೋಗುತ್ತದೆ. ಅದಕ್ಕೇ ಎರಡು ಮದ್ದಿನ ನಡುವೆ ಕನಿಷ್ಠ ಐದು ನಿಮಿಷ ಬೇಕು. ನಾನು ಹಾಳೆಯಲ್ಲಿ ಹತ್ತು ಅಂತಲೇ ಬರೆಯುತ್ತೇನೆ. ಐದು ಅಂತ ಬರೆದರೆ ಮನೆಯಲ್ಲಿ ಅದು ಎರಡಾಗುತ್ತದೆ.

ಅಜ್ಜಿಯ ಕೈಗೆ ಒಪ್ಪುವ ವಿಧಾನ ಹುಡುಕಲು ಸ್ವಲ್ಪ ಹೊತ್ತು ಬೇಕಾಯಿತು. ಪುಸ್ತಕದ ಪ್ರಕಾರ ಕೆಳರೆಪ್ಪೆ ಎಳೆದು ಜೇಬು ಮಾಡಿ, ಮೇಲೆ ನೋಡುತ್ತಾ ಅದರೊಳಗೆ ಹನಿ ಬಿಡಬೇಕು. ಗಂಟು ನೋವಿದ್ದವರಿಗೆ ಅದು ಕಷ್ಟ. ಹಾಗಾಗಿ ಮಂಚದ ಮೇಲೆ ಅಂಗಾತ ಮಲಗಿಸಿ, ಕಣ್ಣು ಮುಚ್ಚಿಸಿ, ಮೂಗಿನ ಪಕ್ಕದ ಮೂಲೆಯಲ್ಲಿ ಹನಿ ಬೀಳಿಸಲು ಹೇಳಿದೆ. ಆ ಮೂಲೆ ಸಣ್ಣ ಗುಳಿಯಂತಿರುವುದರಿಂದ ಹನಿ ಅಲ್ಲೇ ನಿಲ್ಲುತ್ತದೆ. ಮುಖ ಅಲ್ಲಾಡಿಸದೆ ಕಣ್ಣು ತೆರೆದರೆ ಒಳಗೆ ಜಾರುತ್ತದೆ. ಬಾಟಲಿ ಹಿಡಿದ ಕೈಯನ್ನು ಹಣೆಯ ಮೇಲೆ ಊರಿದರೆ ನಡುಕವೂ ಕಡಿಮೆ. ಕಣ್ಣು ಮುಚ್ಚಿದ್ದಾಗ ಮೂಲೆಯಲ್ಲಿ ಹೊಲಸು, ಪಿಸುರು ಇರಬಾರದು ಅಷ್ಟೇ, ಮೊದಲು ಒರೆಸಿಕೊಳ್ಳಬೇಕು. ರಾತ್ರಿಯ ಬಾಟಲಿಯನ್ನು ಫ್ರಿಜ್ಜಿನ ಬಾಗಿಲಲ್ಲಿ ಇಡಲು ಹೇಳಿದೆ. ನಮ್ಮ ಕಡೆ ಬೇಸಿಗೆಗೆ ಅದು ಒಳ್ಳೆಯದು. ಜೊತೆಗೆ ತಣ್ಣನೆಯ ಹನಿ ಬಿದ್ದದ್ದು ಗೊತ್ತಾಗುತ್ತದೆ, ಬಿತ್ತೋ ಇಲ್ವೋ ಅಂತ ಇನ್ನೊಂದು ಹಿಂಡುವ ಆಸೆ ಆಗುವುದಿಲ್ಲ. ಫ್ರೀಜರ್‌ನಲ್ಲಿ ಮಾತ್ರ ಇಡಬಾರದು.

ಹನಿ ಒಳಗೆ ಹೋದ ಮೇಲೆ ಕಣ್ಣು ಮೆಲ್ಲಗೆ ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಎರಡು ಮೂರು ನಿಮಿಷ ಒತ್ತಬೇಕು. ಕಣ್ಣೀರಿನ ನಾಳ ಅಲ್ಲಿಂದ ಮೂಗಿಗೆ, ಗಂಟಲಿಗೆ ಇಳಿಯುತ್ತದೆ. ಮುಚ್ಚದಿದ್ದರೆ ಮದ್ದು ಆ ದಾರಿಯಲ್ಲಿ ರಕ್ತಕ್ಕೆ ಸೇರುತ್ತದೆ. ಟಿಮೊಲಾಲ್ ಹಾಗೆ ಹೋದರೆ ನಾಡಿ ನಿಧಾನವಾಗಬಹುದು, ಉಬ್ಬಸ ಇದ್ದವರಿಗೆ ಉಸಿರು ಕಟ್ಟಬಹುದು. ಅಂಥವರು ಡಾಕ್ಟರಿಗೆ ಮೊದಲೇ ಹೇಳಲೇಬೇಕು. ಡಾರ್ಜೊಲಮೈಡ್ ಬಾಯಿಗೆ ಕಹಿ. ಅಜ್ಜಿಗೆ ಅದನ್ನೇ ಗುರುತಾಗಿ ಕೊಟ್ಟೆ: ಬಾಯಿ ಜಾಸ್ತಿ ಕಹಿ ಆದರೆ ಬೆರಳು ಇನ್ನೂ ಮೂಲೆಗೆ ಸರಿಯಾಗಿ ಕೂತಿಲ್ಲ.

ಅವತ್ತು ಚೀಲ ಪೂರ್ತಿ ಸುರಿಸಿದಾಗ ನಾಲ್ಕನೇ ಬಾಟಲಿಯೂ ಸಿಕ್ಕಿತು. ಹಳೆಯ ಚೀಟಿಯ ಬರೀ ಟಿಮೊಲಾಲ್. ಹೊಸ ಜೋಡಿ ಮದ್ದಿನಲ್ಲೂ ಅದೇ ಇದೆ, ಹೆಸರು ಬೇರೆ ಇದ್ದದ್ದರಿಂದ ಅವರು ಎರಡನ್ನೂ ಹಾಕುತ್ತಿದ್ದರು. ಡಾಕ್ಟರ್ ನಾಡಿ ನೋಡಿ, ಹಳೆಯದನ್ನು ನಿಲ್ಲಿಸಿದರು. ಇದಕ್ಕೇ ನಾನು "ಚೀಟಿ ತನ್ನಿ" ಅನ್ನುವುದಿಲ್ಲ, "ಮನೆಯಲ್ಲಿರೋ ಎಲ್ಲಾ ಬಾಟಲಿ ತನ್ನಿ" ಅನ್ನುತ್ತೇನೆ.

ಇನ್ನು ಹಾಳೆ. ಚೀಟಿಯಲ್ಲಿ ಬಿ.ಡಿ., ಎಚ್.ಎಸ್. ಅಂತಿರುತ್ತದೆ, ಅದು ಅಂಗಡಿಯವರಿಗೆ ಅರ್ಥವಾದರೆ ಸಾಕು. ಅಜ್ಜಿಯ ಹಾಳೆಯನ್ನು ಅವರ ದಿನದ ಮೇಲೆ ಕಟ್ಟಿದೆ, ದಪ್ಪ ಮಾರ್ಕರ್‌ನಲ್ಲಿ:

ಬೆಳಿಗ್ಗೆ ಕಾಫಿ ಆದ ಮೇಲೆ: ಕೆಂಪು ಬಾಟಲಿ, ಊಟದ ಕೈ ಕಡೆಯ ಕಣ್ಣಿಗೆ ಮಾತ್ರ.
ತುಳಸಿ ಪೂಜೆ ಆದ ಮೇಲೆ: ನೀಲಿ ಬಾಟಲಿ, ಎರಡೂ ಕಣ್ಣಿಗೆ.
ಸಂಜೆ ದೀಪ ಹಚ್ಚುವ ಮೊದಲು: ಕೆಂಪು, ಊಟದ ಕೈ ಕಡೆಗೆ.
ದೀಪ ಹಚ್ಚಿ ಹತ್ತು ನಿಮಿಷಕ್ಕೆ: ನೀಲಿ, ಎರಡೂ.
ಮಲಗುವಾಗ: ಫ್ರಿಜ್ಜಿನ ಬಾಟಲಿ, ಎರಡೂ.

ಕೆಂಪು ಅಂದರೆ ಬ್ರಿಮೊನಿಡಿನ್, ನೀಲಿ ಅಂದರೆ ಜೋಡಿ ಮದ್ದು. ನೀಲಿಯನ್ನು ಎರಡನೆಯದಾಗಿ ಇಟ್ಟದ್ದು ಅದು ಉರಿಯುತ್ತದೆ ಅಂತ. ಉರಿಗೆ ಕಣ್ಣೀರು ಬರುತ್ತದೆ, ಬಂದರೆ ಮುಂದಿನ ಮದ್ದು ಕೊಚ್ಚಿಹೋಗುತ್ತದೆ. ಮುಚ್ಚಳದ ಬಣ್ಣ ನಂಬಬೇಡಿ. ಅಂಗಡಿಯಲ್ಲಿ ಬೇರೆ ಕಂಪನಿಯದ್ದು ಕೊಟ್ಟರೆ ಬಣ್ಣವೂ ಬದಲಾಗುತ್ತದೆ. ನಾನು ಬಣ್ಣದ ಟೇಪ್ ಸುತ್ತಿ ಉಳಿದ ಟೇಪನ್ನು ಮಗನಿಗೆ ಕೊಟ್ಟೆ, ಹೊಸ ಬಾಟಲಿ ಬಂದಾಗ ಸುತ್ತಲು. ಅಜ್ಜಿಗೆ ಸಂಜೆ ಬೆಳಕಿನಲ್ಲಿ ಬಣ್ಣವೂ ಮಂಕು. ಅದಕ್ಕೆ ಕೆಂಪು ಬಾಟಲಿಗೆ ಒಂದು ರಬ್ಬರ್ ಬ್ಯಾಂಡ್: ಒಂದು ಬ್ಯಾಂಡ್, ಒಂದು ಕಣ್ಣು. ನೀಲಿಗೆ ಎರಡು.

ಹಾಳೆಯ ಕೆಳಗೆ ಮೂರು ಸಾಲು ಬರೆದೆ. ಬಾಟಲಿ ತೆರೆದ ದಿನ ಅದರ ಮೇಲೆ ತಾರೀಖು ಹಾಕಿ, ತಿಂಗಳಾದ ಮೇಲೆ ಎಸೆಯಿರಿ. ಮರೆತ ಹನಿ ನೆನಪಾದಾಗ ಹಾಕಿ, ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಬಿಡಿ, ಎರಡು ಸೇರಿಸಿ ಹಾಕಬೇಡಿ. ಆಸ್ಪತ್ರೆಗೆ ಬರುವ ದಿನವೂ ಬೆಳಗಿನ ಹನಿ ಹಾಕಿಯೇ ಬಸ್ ಹತ್ತಿ. ಈ ಕೊನೆಯದು ಬಹಳ ಮುಖ್ಯ. ಡಾಕ್ಟರ್ ನೋಡುತ್ತಾರಲ್ಲ ಅಂತ ಹನಿ ಬಿಟ್ಟು ಬರುವವರು ಜಾಸ್ತಿ, ಆಗ ಅಳೆದ ಒತ್ತಡ ಮದ್ದಿಲ್ಲದ ಕಣ್ಣಿನದ್ದಾಗಿರುತ್ತದೆ.

ಮುಂದಿನ ಸಲ ಬಂದಾಗ ಎಡಗಣ್ಣು 17, ಬಲಗಣ್ಣು 20. ಬಲಗಣ್ಣಿನ ನರ ಮೊದಲೇ ಹೆಚ್ಚು ಹಾಳಾಗಿದ್ದರಿಂದ ಡಾಕ್ಟರಿಗೆ ಅಷ್ಟು ಸಾಲದು, ಆಪರೇಷನ್ ಮಾತು ಇನ್ನೂ ಇದೆ. ಕೆಲವು ತಿಂಗಳ ನಂತರ ಆ ಕಣ್ಣು ಕೆಂಪಾಗಿ ತುರಿಕೆ ಶುರುವಾಯಿತು. ಬ್ರಿಮೊನಿಡಿನ್‌ಗೆ ಹೀಗಾಗುವುದುಂಟು, ಡಾಕ್ಟರ್ ನಿಲ್ಲಿಸಿದರು. ನಾನು ಹೊಸ ಹಾಳೆ ಬರೆದು, ಮೇಲೆ ತಾರೀಖು ಹಾಕಿ, ಹಳೆಯದನ್ನು ಅಡುಗೆಮನೆ ಗೋಡೆಯಿಂದ ಕಿತ್ತು ಹರಿದು ಹಾಕಲು ಮಗನಿಗೆ ಫೋನ್ ಮಾಡಿ ಹೇಳಿದೆ.