ಎರಡು ಅಂಕಕ್ಕೆ ಒಂದೂವರೆ ಪುಟ

ಮಾರ್ಚ್ 8, 2025, ಶನಿವಾರ

ಬೆಳಗ್ಗೆಯಿಂದ ಎಸ್‌ಎಸ್‌ಎಲ್‌ಸಿ ಪೂರ್ವಸಿದ್ಧತಾ ಪರೀಕ್ಷೆಯ ಸಮಾಜ ವಿಜ್ಞಾನದ ಪೇಪರ್ ತಿದ್ದುತ್ತಾ ಕೂತಿದ್ದೇನೆ. ಇಪ್ಪತ್ತಮೂರು ಮುಗಿದಿವೆ, ಹತ್ತೊಂಬತ್ತು ಬಾಕಿ. ಮುಖ್ಯ ಪರೀಕ್ಷೆಗೆ ಇನ್ನು ಎರಡು ವಾರವೂ ಪೂರ್ತಿ ಇಲ್ಲ. ಇವತ್ತು ಬರೆಯಲೇಬೇಕು ಅನ್ನಿಸಿದ್ದು ಒಂದೇ ಒಂದು ಪೇಪರ್ ಬಗ್ಗೆ.

ಹುಡುಗಿ ಜಾಣೆ. ತರಗತಿಯಲ್ಲಿ ಕೇಳಿದ್ದಕ್ಕೆಲ್ಲ ಮೊದಲು ಕೈ ಎತ್ತುವವಳು. 1857ರ ಸಂಗ್ರಾಮಕ್ಕೆ ತಕ್ಷಣದ ಕಾರಣವೇನು ಅಂತ ಎರಡು ಅಂಕದ ಪ್ರಶ್ನೆ ಇತ್ತು. ಅದಕ್ಕೆ ಒಂದೂವರೆ ಪುಟ ಬರೆದಿದ್ದಾಳೆ. ಡಾಲ್‌ಹೌಸಿಯಿಂದ ಶುರು, ಸತಾರಾ, ಝಾನ್ಸಿ, ಆಮೇಲೆ ತೋಟಾ, ಮಂಗಲ್ ಪಾಂಡೆ, ಮೀರತ್, ದೆಹಲಿ, ಕೊನೆಗೆ ಬಹದ್ದೂರ್ ಷಾ. ಒಂದಕ್ಷರ ತಪ್ಪಿಲ್ಲ. ಎರಡಕ್ಕೆ ಎರಡು ಕೊಟ್ಟೆ, ಅದಕ್ಕಿಂತ ಜಾಸ್ತಿ ಕೊಡೋಕೆ ಬರುವುದಿಲ್ಲವಲ್ಲ. ಮುಂದೆ ಅದೇ ಪಾಠದ ಮೇಲೆ ನಾಲ್ಕು ಅಂಕದ ಪ್ರಶ್ನೆ, ಸಂಗ್ರಾಮ ವಿಫಲವಾಗಲು ಕಾರಣಗಳೇನು ಅಂತ. ಅದಕ್ಕೆ ಆರೇ ಸಾಲು, ಅಕ್ಷರ ಓಡುತ್ತಿದೆ. ಕೊನೆಯ ಪುಟದಲ್ಲಿ ಭಾರತದ ನಕ್ಷೆ ಗುಜರಾತಿನವರೆಗೆ ಬಂದು ನಿಂತುಬಿಟ್ಟಿದೆ. ಐದು ಅಂಕ ಹೋಯಿತು.

ಲೆಕ್ಕ ಹಾಕಿ ನೋಡಿದೆ. ಪೇಪರ್ 80 ಅಂಕಕ್ಕೆ, 38 ಪ್ರಶ್ನೆ. ಓದಿಕೊಳ್ಳುವ ಹದಿನೈದು ನಿಮಿಷ ಬಿಟ್ಟರೆ ಬರೆಯೋಕೆ ಮೂರು ಗಂಟೆ, ಅಂದರೆ 180 ನಿಮಿಷ. ಅಂಕಕ್ಕೆ ಎರಡು ನಿಮಿಷ ಅಂತ ಇಟ್ಟುಕೊಂಡರೆ 160 ನಿಮಿಷ ಖರ್ಚು, ಇಪ್ಪತ್ತು ನಿಮಿಷ ಕೈಯಲ್ಲಿ ಉಳಿಯುತ್ತದೆ. ಎರಡು ಅಂಕದ ಪ್ರಶ್ನೆಗೆ ನಾಲ್ಕು ನಿಮಿಷ. ಇವಳ ಬರವಣಿಗೆ ವೇಗ ನನಗೆ ಗೊತ್ತು, ಆ ಒಂದೂವರೆ ಪುಟಕ್ಕೆ ಏನಿಲ್ಲವೆಂದರೂ ಕಾಲು ಗಂಟೆ ಹಿಡಿದಿರುತ್ತದೆ. ಹೆಚ್ಚುವರಿ ಹನ್ನೊಂದು ನಿಮಿಷ. ನಕ್ಷೆಗೆ ಬೇಕಿದ್ದದ್ದು ಹತ್ತು ನಿಮಿಷ! ನಕ್ಷೆಯನ್ನು ತಿಂದದ್ದು ಮಂಗಲ್ ಪಾಂಡೆ ಅಂತ ಒಂದು ಕ್ಷಣ ನಗುವೂ ಬಂತು, ಸಂಕಟವೂ ಆಯಿತು.

ಮಕ್ಕಳಿಗೆ ಪ್ರಶ್ನೆಯ ಬಲಗಡೆ ಇರುವ ಆ ಪುಟ್ಟ ಅಂಕಿ ಕಾಣುವುದೇ ಇಲ್ಲ. ಪ್ರಶ್ನೆಯಲ್ಲಿ ಗೊತ್ತಿರುವ ಒಂದು ಹೆಸರು ಕಂಡರೆ ಸಾಕು, ನಲ್ಲಿ ತಿರುಗಿಸಿದ ಹಾಗೆ ಸುರಿಯುತ್ತಾರೆ. ತಿದ್ದುವವರ ಕೈಯಲ್ಲಿ ಏನಿರುತ್ತದೆ ಅಂತ ಅವರಿಗೆ ಯಾರೂ ತೋರಿಸಿರುವುದಿಲ್ಲ, ಅದೇ ತೊಂದರೆ. ನಮ್ಮ ಕೈಯಲ್ಲಿರುವುದು ಕೀ ಉತ್ತರ. ಅದರಲ್ಲಿ ಪ್ಯಾರಾ ಇರುವುದಿಲ್ಲ, ಅಂಶಗಳಿರುತ್ತವೆ, ಪಕ್ಕದಲ್ಲಿ ಅಂಕ ಒಡೆದು ಬರೆದಿರುತ್ತದೆ. ಮೂರು ಅಂಕದ ಪ್ರಶ್ನೆ ಅಂದರೆ ಹೆಚ್ಚಾಗಿ ½ × 6, ಕೆಲವು ಸಲ 1 × 3. ನಾಲ್ಕು ಅಂಕದ್ದು ½ × 8 ಅಥವಾ 1 × 4. ನಾವು ಉತ್ತರ ಓದುತ್ತಾ ಓದುತ್ತಾ ಅಂಶ ಸಿಕ್ಕಲ್ಲಿ ಟಿಕ್ ಹಾಕುತ್ತೇವೆ. ಒಂಬತ್ತನೆಯ ಅಂಶ ಎಷ್ಟೇ ಚೆನ್ನಾಗಿದ್ದರೂ ಅದಕ್ಕೆ ಜಾಗ ಇಲ್ಲ.

ಈಗ ಇದೇ 1857ನ್ನು ಇಟ್ಟುಕೊಂಡು ಹೇಳುತ್ತೇನೆ, ಸೋಮವಾರ ತರಗತಿಯಲ್ಲೂ ಇದನ್ನೇ ಮಾಡಬೇಕು.

ತಕ್ಷಣದ ಕಾರಣ, ಎರಡು ಅಂಕ. ಬೇಕಾಗಿರುವುದು ನಾಲ್ಕು ಸಣ್ಣ ಸಂಗತಿ. ಸೈನಿಕರಿಗೆ ಎನ್‌ಫೀಲ್ಡ್ ಬಂದೂಕು ಕೊಟ್ಟರು. ಅದರ ತೋಟಾಕ್ಕೆ ಹಸು ಮತ್ತು ಹಂದಿಯ ಕೊಬ್ಬು ಸವರಿದ್ದಾರೆ ಅಂತ ಸುದ್ದಿ ಹಬ್ಬಿತು. ತೋಟಾವನ್ನು ಬಾಯಲ್ಲಿ ಕಚ್ಚಿ ತೆಗೆಯಬೇಕಿತ್ತು, ಹಾಗಾಗಿ ಹಿಂದೂ ಮುಸ್ಲಿಂ ಸೈನಿಕರಿಬ್ಬರಿಗೂ ಧರ್ಮಕ್ಕೆ ಪೆಟ್ಟು ಅನ್ನಿಸಿತು. ಬ್ಯಾರಕ್‌ಪುರದಲ್ಲಿ ಮಂಗಲ್ ಪಾಂಡೆ ಬ್ರಿಟಿಷ್ ಅಧಿಕಾರಿಯ ಮೇಲೆ ಕೈ ಮಾಡಿದ. ಮುಗಿಯಿತು, ಐದಾರು ಸಾಲು. ಡಾಲ್‌ಹೌಸಿ ಇಲ್ಲಿಗೆ ಬರಬೇಕಾಗಿಯೇ ಇಲ್ಲ, ದತ್ತು ಮಕ್ಕಳಿಗೆ ಹಕ್ಕಿಲ್ಲ ಅನ್ನುವ ನೀತಿ ರಾಜಕೀಯ ಕಾರಣ, ತಕ್ಷಣದ್ದಲ್ಲ.

ಅದನ್ನೇ ಮೂರು ಅಂಕಕ್ಕೆ ಆರ್ಥಿಕ ಕಾರಣಗಳು ಅಂತ ಕೇಳಿದರೆ ತೋಟಾ ಪೂರ್ತಿ ಹೊರಗೆ. ಇಂಗ್ಲೆಂಡಿನ ಕಾರ್ಖಾನೆ ಮಾಲು ಬಂದು ನಮ್ಮ ಗುಡಿ ಕೈಗಾರಿಕೆ ಸೊರಗಿದ್ದು, ನೇಕಾರರು ಕುಶಲಕರ್ಮಿಗಳು ಕೆಲಸ ಕಳೆದುಕೊಂಡದ್ದು, ನಮ್ಮ ಸರಕಿನ ಮೇಲೆ ಇಂಗ್ಲೆಂಡಿನಲ್ಲಿ ದುಬಾರಿ ಸುಂಕ, ಜಮೀನ್ದಾರಿಯಲ್ಲಿ ರೈತರ ಶೋಷಣೆ, ಇನಾಂ ಭೂಮಿ ವಾಪಸ್ ತೆಗೆದುಕೊಂಡದ್ದು, ಅವಧ್‌ನ ತಾಲ್ಲೂಕುದಾರರು ಜಮೀನು ಕಳೆದುಕೊಂಡದ್ದು. ಆರು ಆಯಿತು. ಒಂದೊಂದಕ್ಕೆ ಒಂದು ವಾಕ್ಯ, ಒಟ್ಟು ಅರ್ಧ ಪುಟ.

ನಾಲ್ಕು ಅಂಕಕ್ಕೆ ವಿಫಲತೆಯ ಕಾರಣಗಳು. ಇಲ್ಲಿ ಎಂಟು ಬೇಕು, ಮತ್ತು ಎಂಟೂ ಬೇರೆ ಬೇರೆ ಆಗಿರಬೇಕು, ಮಕ್ಕಳು ಎಡವುವುದು ಇಲ್ಲೇ. ನಾಯಕತ್ವ ಇರಲಿಲ್ಲ ಅಂತ ಒಂದು ಸಾಲು, ಮೂರನೇ ಸಾಲಿನಲ್ಲಿ ಸಮರ್ಥ ನಾಯಕರಿರಲಿಲ್ಲ ಅಂತ ಇನ್ನೊಂದು. ಎರಡೂ ಒಂದೇ, ಅರ್ಧ ಅಂಕವೇ. ಹಾಗಾಗಿ ನಾನು ಇದನ್ನು ಮೂರು ಕಡೆಯಿಂದ ಯೋಚಿಸಿ ಅನ್ನುತ್ತೇನೆ. ಹೋರಾಟದ ಸ್ವರೂಪ ಹೇಗಿತ್ತು? ಇಡೀ ದೇಶಕ್ಕೆ ಹರಡಲಿಲ್ಲ, ಮೊದಲೇ ಹಾಕಿಕೊಂಡ ಯೋಜನೆ ಇರಲಿಲ್ಲ, ಒಂದೇ ಗುರಿ ಇಲ್ಲದೆ ರಾಜರು ತಮ್ಮ ತಮ್ಮ ಹಕ್ಕಿಗೆ ಹೋರಾಡಿದರು. ಹೋರಾಡಿದವರು ಹೇಗಿದ್ದರು? ಎಲ್ಲರನ್ನೂ ನಡೆಸುವ ನಾಯಕ ಇರಲಿಲ್ಲ, ಸೈನಿಕರಲ್ಲಿ ಶಿಸ್ತು ಕಡಿಮೆ, ಕೆಲವರು ಲೂಟಿಗೆ ಇಳಿದು ಜನರ ನಂಬಿಕೆ ಕಳೆದುಕೊಂಡರು. ಎದುರಾಳಿ ಕಡೆ ಏನಿತ್ತು? ಅನೇಕ ದೇಶೀಯ ರಾಜರು ಬ್ರಿಟಿಷರ ಜೊತೆ ನಿಂತರು, ಅವರ ಹತ್ತಿರ ಒಳ್ಳೆಯ ಶಸ್ತ್ರಾಸ್ತ್ರ ಮತ್ತು ತಂತಿ ವ್ಯವಸ್ಥೆ ಇತ್ತು. ಹೀಗೆ ಎಣಿಸಿದರೆ ಎಂಟಾಗುತ್ತದೆ, ಪುನರಾವರ್ತನೆಯೂ ಆಗುವುದಿಲ್ಲ. ಮುಕ್ಕಾಲು ಪುಟ, ಎಂಟು ನಿಮಿಷ. ಆ ಹುಡುಗಿಯ ಆರು ಸಾಲಿನಲ್ಲಿ ಇದ್ದದ್ದು ಮೂರು ಅಂಶ, ಒಂದೂವರೆ ಅಂಕ.

ವಿಫಲತೆಗೆ ಕಾರಣ ಕೇಳಿದರೆ ಸಂಗ್ರಾಮಕ್ಕೆ ಕಾರಣ ಬರೆದವರು ಇವತ್ತಿನ ಕಟ್ಟಿನಲ್ಲಿ ಇನ್ನೂ ನಾಲ್ವರಿದ್ದಾರೆ, ತುಂಬಾ ಚೆಂದವಾಗಿ, ಅಡಿಗೆರೆ ಎಳೆದು. ಸೊನ್ನೆ ಹಾಕುವಾಗ ಕೈ ನಡುಗುತ್ತದೆ.

ಅಂಕದ ಜೊತೆ ಪ್ರಶ್ನೆಯ ಕೊನೆಯ ಪದವನ್ನೂ ನೋಡಬೇಕು. ರಾಜ್ಯಶಾಸ್ತ್ರದಲ್ಲಿ ಭಾರತದ ವಿದೇಶಾಂಗ ನೀತಿಯ ಮೂಲತತ್ವಗಳನ್ನು ವಿವರಿಸಿ ಅಂತ ನಾಲ್ಕು ಅಂಕಕ್ಕೆ ಕೊಟ್ಟಿದ್ದೆ. ನಾನೇ ಮಾಡಿಕೊಂಡ ಕೀ ಪ್ರಕಾರ ನಾಲ್ಕು ತತ್ವ, ಹೆಸರಿಗೆ ಅರ್ಧ, ವಿವರಣೆಗೆ ಅರ್ಧ. ಒಬ್ಬ ಹುಡುಗ ಪಂಚಶೀಲ, ಅಲಿಪ್ತ ನೀತಿ, ವರ್ಣಭೇದ ನೀತಿಗೆ ವಿರೋಧ, ನಿಶ್ಶಸ್ತ್ರೀಕರಣ ಅಂತ ನಾಲ್ಕು ಹೆಸರು ಬರೆದು ಸುಮ್ನೆ ಮುಂದಕ್ಕೆ ಹೋಗಿದ್ದಾನೆ. ಎರಡು ಅಂಕ. ಪಟ್ಟಿ ಮಾಡಿ ಅಂದಿದ್ದರೆ ಅವನದೇ ಸರಿಯಾದ ಉತ್ತರವಾಗುತ್ತಿತ್ತು. ಇನ್ನೊಬ್ಬಳು ಇದಕ್ಕೆ ಉಲ್ಟಾ. 1954ರಲ್ಲಿ ನೆಹರು ಮತ್ತು ಚೀನಾದ ಚೌ ಎನ್ ಲಾಯ್ ಒಪ್ಪಿಕೊಂಡ ಪಂಚಶೀಲದ ಐದೂ ತತ್ವಗಳನ್ನು 1, 2, 3 ಅಂತ ಹಾಕಿ ಒಂದೊಂದಕ್ಕೂ ಮೂರು ಸಾಲು ಬರೆದು ಇಡೀ ಪುಟ ತುಂಬಿಸಿದ್ದಾಳೆ. ಅವಳ ಮನಸ್ಸಿನಲ್ಲಿ ಐದು ಅಂಶ ಆಯಿತು, ಒಂದು ಹೆಚ್ಚಾಗಿಯೇ ಬರೆದೆ ಅಂತ. ಕೀ ಪ್ರಕಾರ ಅದೆಲ್ಲ ಸೇರಿ ಒಂದೇ ಅಂಶ, ಒಂದೇ ಅಂಕ. ಪಂಚಶೀಲಕ್ಕೆ ಎರಡು ಸಾಲು ಸಾಕಿತ್ತು. ಎರಡನೇ ಮಹಾಯುದ್ಧದ ನಂತರ ಅಮೆರಿಕ ಮತ್ತು ಸೋವಿಯತ್ ಬಣಗಳು ಹುಟ್ಟಿದಾಗ ಯಾವುದಕ್ಕೂ ಸೇರದೆ ಉಳಿದದ್ದು ಅಲಿಪ್ತ ನೀತಿ ಅಂತ ಮುಂದಿನ ಎರಡು ಸಾಲು. ದಕ್ಷಿಣ ಆಫ್ರಿಕಾದ ವರ್ಣಭೇದವನ್ನು ವಿರೋಧಿಸಿದ್ದು ಮೂರನೆಯದು. ಹೀಗೆ.

ಇದನ್ನೆಲ್ಲ ಬರೆಯುವಾಗ ನನಗೇ ಒಂದು ಕಸಿವಿಸಿ ಇದೆ, ಮುಚ್ಚಿಡುವುದಿಲ್ಲ. ಈ ಕಟ್ಟಿನಲ್ಲೇ ಒಬ್ಬ ಹುಡುಗ ವಿಫಲತೆಯ ಪ್ರಶ್ನೆಗೆ ಅಂಶ ಹಾಕಿಯೇ ಇಲ್ಲ. ರಾಜರಿಗೆ ಬೇಕಿದ್ದದ್ದು ಹಳೆಯ ಗದ್ದುಗೆ, ಸೈನಿಕರಿಗೆ ಬೇಕಿದ್ದದ್ದು ಬೇರೆ, ಅದಕ್ಕೇ ದೆಹಲಿ ಕೈಗೆ ಬಂದರೂ ಮುಂದೇನು ಅಂತ ಯಾರಿಗೂ ಗೊತ್ತಾಗಲಿಲ್ಲ ಅಂತ ಒಂದೇ ಉಸಿರಿನಲ್ಲಿ ಒಂದು ಪ್ಯಾರಾ ಬರೆದಿದ್ದಾನೆ. ನಿಜ ಹೇಳಬೇಕೆಂದರೆ ಇಡೀ ಕಟ್ಟಿನಲ್ಲಿ ಇತಿಹಾಸ ಅರ್ಥವಾಗಿರುವುದು ಅವನಿಗೇ. ಟಿಕ್ ಹಾಕುತ್ತಾ ಹೋದರೆ ನಾಲ್ಕೇ ಅಂಶ ಸಿಗುತ್ತವೆ, ಅಂದರೆ ಎರಡು ಅಂಕ. ಪಕ್ಕದಲ್ಲಿ ಕೂತಿದ್ದ ಕನ್ನಡ ಮೇಷ್ಟ್ರಿಗೆ ತೋರಿಸಿದೆ. 'ನಾನಾಗಿದ್ದರೆ ನಾಲ್ಕಕ್ಕೆ ನಾಲ್ಕು ಕೊಡ್ತಿದ್ದೆ' ಅಂದರು. ನಾನು ಮೂರು ಕೊಟ್ಟೆ. ಆದರೆ ಮುಖ್ಯ ಪರೀಕ್ಷೆಯಲ್ಲಿ ಅವನ ಪೇಪರ್ ನನ್ನ ಕೈಗೆ ಬರುವುದಿಲ್ಲ, ಯಾವುದೋ ಊರಿನ ಮೌಲ್ಯಮಾಪನ ಕೇಂದ್ರದಲ್ಲಿ ಅವನ ಮುಖ ನೋಡಿರದ ಯಾರೋ ಒಬ್ಬರು, ಬೆಳಗ್ಗೆಯಿಂದ ಇದೇ ಪ್ರಶ್ನೆಗೆ ಉತ್ತರ ಓದಿ ಓದಿ ಸುಸ್ತಾದವರು ತಿದ್ದುತ್ತಾರೆ. ಅವರ ಕಣ್ಣಿಗೆ ಪ್ಯಾರಾದೊಳಗೆ ಹೂತುಹೋದ ಅಂಶ ಕಾಣದೇ ಹೋಗಬಹುದು. ಅದಕ್ಕೆ ಅವನಿಗೆ ಹೇಳಿದೆ, ನಿನ್ನ ವಾಕ್ಯಗಳನ್ನೇ ಇಟ್ಟುಕೋ, ಪ್ರತಿ ಕಾರಣ ಹೊಸ ಸಾಲಿನಿಂದ ಶುರು ಮಾಡು, ಮುಂದೆ ಒಂದು ಸಂಖ್ಯೆ ಹಾಕು, ಅಷ್ಟೇ. ಮುಖ ಸಣ್ಣದು ಮಾಡಿಕೊಂಡು ತಲೆ ಆಡಿಸಿದ.

ಮಧ್ಯಾಹ್ನ ಆ ಹುಡುಗಿಯನ್ನೂ ಕರೆದೆ. ಪೇಪರ್ ಮುಂದಿಟ್ಟು ಆ ಒಂದೂವರೆ ಪುಟದಲ್ಲಿ ಅಂಕ ಬಂದ ನಾಲ್ಕು ಜಾಗಕ್ಕೆ ಮಾತ್ರ ಪೆನ್ಸಿಲ್‌ನಲ್ಲಿ ಗೆರೆ ಎಳೆದು ತೋರಿಸಿದೆ. ತುಂಬಾ ಹೊತ್ತು ನೋಡಿದಳು.

'ಮೇಡಂ, ಗೊತ್ತಿರೋದನ್ನ ಬರೀದೆ ಬಿಟ್ರೆ ಗೊತ್ತಿಲ್ಲ ಅಂದುಕೊಳ್ಳಲ್ವಾ?'

ಇಲ್ಲ ಕಣೇ, ಅವರು ಕೇಳಿರೋದೇ ಅಷ್ಟು ಅಂದೆ. ನಂಬಿದ ಹಾಗೆ ಕಾಣಲಿಲ್ಲ. ಸರಿ, ಗಡಿಯಾರ ನೋಡಿ ಎಂಟು ನಿಮಿಷ ಕೊಟ್ಟು ವಿಫಲತೆಯ ಪ್ರಶ್ನೆಯನ್ನು ಅಲ್ಲೇ ಮತ್ತೆ ಬರೆಸಿದೆ. ಮೊದಲ ಸಾಲಿಗೇ ಮಂಗಲ್ ಪಾಂಡೆ ಬಂದ. ನಾನು ಏನೂ ಹೇಳಲಿಲ್ಲ. ಅವಳೇ ಪೆನ್ ನಿಲ್ಲಿಸಿ, ಪ್ರಶ್ನೆಯನ್ನು ಇನ್ನೊಂದು ಸಲ ಓದಿ, ಆ ಸಾಲನ್ನು ಹೊಡೆದುಹಾಕಿದಳು. ಎಂಟು ನಿಮಿಷ ಆಗುವಷ್ಟರಲ್ಲಿ ಏಳು ಅಂಶ ಬರೆದಿದ್ದಳು.

ಎಂಟನೆಯದು ತಂತಿ ವ್ಯವಸ್ಥೆ, ಅದನ್ನು ಬಾಗಿಲ ಹತ್ತಿರ ಹೋದಮೇಲೆ ನೆನಪು ಮಾಡಿಕೊಂಡು ಕೂಗಿ ಹೇಳಿದಳು.