ಸೆಪ್ಟೆಂಬರ್ 5, ನವೆಂಬರ್ 14: ಪ್ರೇಯರ್ ಭಾಷಣದಲ್ಲಿ ತಾರೀಖಿನ ಕಥೆ

ಹೈಸ್ಕೂಲಲ್ಲಿ ಸಮಾಜ ವಿಜ್ಞಾನ ಹೇಳ್ಕೊಡೋರಿಗೆ ಒಂದು ಎಕ್ಸ್‌ಟ್ರಾ ಕೆಲಸ ಯಾವಾಗ್ಲೂ ಇದ್ದೇ ಇರುತ್ತೆ, ದಿನಾಚರಣೆ ಬಂದ್ರೆ ಮಕ್ಕಳಿಗೆ ಭಾಷಣ ರೆಡಿ ಮಾಡ್ಸೋದು. ನಾಡಗೀತೆ, ಪೀಠಿಕೆ ಓದು, ಸುದ್ದಿ ಎಲ್ಲ ಮುಗಿದ್ಮೇಲೆ ಉಳಿಯೋದು ಮೂರ್ನಾಲ್ಕು ನಿಮಿಷ, ಅದರಲ್ಲಿ ಒಂದು ನಿಮಿಷ "ಮಾನ್ಯ ಮುಖ್ಯೋಪಾಧ್ಯಾಯರೇ, ಗುರುವೃಂದದವರೇ, ನನ್ನ ಸಹಪಾಠಿಗಳೇ"ಗೇ ಹೋಗುತ್ತೆ. ಉಳಿದಿದ್ರಲ್ಲಿ ಹುಟ್ಟಿದ ಊರು, ಅಪ್ಪ ಅಮ್ಮನ ಹೆಸರು, ಬಂದ ಪ್ರಶಸ್ತಿಗಳು. ಬಿಸಿಲಲ್ಲಿ ನಿಂತಿರೋ ಆರನೇ ಕ್ಲಾಸಿನ ಮಗುಗೆ ಇದರಲ್ಲಿ ಒಂದೂ ನೆನಪಿರಲ್ಲ.

ಅದಕ್ಕೇ ನಾನು ಭಾಷಣ ಮಾಡೋ ಮಕ್ಕಳಿಗೆ ಎರಡೇ ಪ್ರಶ್ನೆ ಕೊಡ್ತೀನಿ. ಈ ತಾರೀಖು ಯಾರದ್ದು? ಯಾವ ವರ್ಷದಿಂದ ಶುರುವಾಯ್ತು, ಆ ವರ್ಷನೇ ಯಾಕೆ? ಮೊದಲನೇದಕ್ಕೆ ಎಲ್ಲರೂ ಪಟ್ ಅಂತ ಉತ್ತರ ಹೇಳ್ತಾರೆ, ಹುಟ್ಟುಹಬ್ಬ ಅಂತ. ಎರಡನೇದನ್ನ ಯಾರೂ ಕೇಳ್ಕೊಂಡೇ ಇರಲ್ಲ, ಮಜಾ ಇರೋದು ಅಲ್ಲೇ.

ಶಿಕ್ಷಕರ ದಿನ ಸುಲಭ. ಸರ್ವೇಪಲ್ಲಿ ರಾಧಾಕೃಷ್ಣನ್ ಹುಟ್ಟಿದ್ದು 1888ರ ಸೆಪ್ಟೆಂಬರ್ 5, ತಿರುತ್ತಣಿಯಲ್ಲಿ. ಆದ್ರೆ ಅವರು 1952ರಿಂದಾನೇ ಉಪರಾಷ್ಟ್ರಪತಿ, 1954ರಲ್ಲೇ ಭಾರತ ರತ್ನ ಬಂದಿತ್ತು, ಆಗೆಲ್ಲ ಇಲ್ಲದ ಶಿಕ್ಷಕರ ದಿನ 1962ರಲ್ಲಿ ಯಾಕೆ ಬಂತು? ಆ ವರ್ಷ ಮೇ ತಿಂಗಳಲ್ಲಿ ಅವರು ರಾಷ್ಟ್ರಪತಿ ಆದ್ರು, ಆಮೇಲೆ ಬಂದ ಮೊದಲ ಹುಟ್ಟುಹಬ್ಬಾನೇ 1962ರ ಸೆಪ್ಟೆಂಬರ್ 5. ಅಭಿಮಾನಿಗಳು, ಹಳೇ ಶಿಷ್ಯರು ಅದನ್ನ ಆಚರಿಸ್ತೀವಿ ಅಂದಾಗ ನನ್ನೊಬ್ಬನ ಹೆಸರಲ್ಲಿ ಬೇಡ, ಎಲ್ಲ ಶಿಕ್ಷಕರ ದಿನ ಅಂತ ಮಾಡಿ ಅಂದ್ರು ಅನ್ನೋದು ಎಲ್ಲ ಕಡೆ ಹೇಳೋ ಕಥೆ. ಈ ಮಾತನ್ನ ನೆಟ್ಟಲ್ಲಿ ಒಬ್ಬೊಬ್ಬರು ಒಂದೊಂದು ಥರ ಕೋಟ್ ಮಾಡಿರ್ತಾರೆ, ಹಾಗಾಗಿ ಅವರೇ ಮಾತಾಡ್ದಂಗೆ ಧ್ವನಿ ಬದಲಾಯಿಸಿ ಡೈಲಾಗ್ ಹೊಡೀಬೇಡಿ, ಹಿಂಗೆ ಕೇಳ್ಕೊಂಡ್ರಂತೆ ಅಂದ್ರೆ ಸಾಕು ಅಂತೀನಿ.

ನಮ್ಮದು ಮೈಸೂರು ಕಡೆ ಸ್ಕೂಲು, ಅದಕ್ಕೆ ಇಲ್ಲಿ ಒಂದು ಜಾಗ ಸ್ವಲ್ಪ ನಿಧಾನ ಮಾಡ್ತೀವಿ. ರಾಧಾಕೃಷ್ಣನ್ 1918ರಿಂದ 1921ರವರೆಗೆ ಮಹಾರಾಜಾ ಕಾಲೇಜಲ್ಲಿ ಫಿಲಾಸಫಿ ಪ್ರೊಫೆಸರ್ ಆಗಿದ್ರು. ಕಲ್ಕತ್ತಾ ಯೂನಿವರ್ಸಿಟಿಗೆ ಹೊರಟಾಗ ಸ್ಟೂಡೆಂಟ್ಸು ಹೂವಿನ ಅಲಂಕಾರ ಮಾಡಿದ ಸಾರೋಟಿನ ಕುದುರೆ ಬಿಚ್ಚಿ, ತಾವೇ ರೈಲ್ವೆ ಸ್ಟೇಷನ್‌ವರೆಗೂ ಎಳ್ಕೊಂಡು ಹೋದ್ರು. ಇದಕ್ಕೂ ತಾರೀಖಿಗೂ ಸಂಬಂಧ ಇಲ್ಲ ನಿಜ, ಆದ್ರೆ ಮಕ್ಕಳು ದಿನಾ ಬಸ್ಸಲ್ಲಿ ದಾಟೋ ರೋಡು ಭಾಷಣದೊಳಗೆ ಬಂದ್ರೆ ಹಿಂದಿನ ಸಾಲಿನ ಗುಸುಗುಸು ನಿಲ್ಲುತ್ತೆ, ಅಷ್ಟಕ್ಕಾದ್ರೂ ಇರ್ಲಿ.

ಕಷ್ಟ ಕೊಡೋದು ಮಕ್ಕಳ ದಿನ. ಒಂಬತ್ತನೇ ಕ್ಲಾಸಿನ ಹುಡುಗಿ ಬರ್ಕೊಂಡು ಬಂದಿದ್ದು ಹೀಗಿತ್ತು, "1964ಕ್ಕಿಂತ ಮೊದಲು ಭಾರತದಲ್ಲಿ ಮಕ್ಕಳ ದಿನವನ್ನು ನವೆಂಬರ್ 20ರಂದು ಆಚರಿಸಲಾಗುತ್ತಿತ್ತು, ನೆಹರೂ ನಿಧನದ ನಂತರ ನವೆಂಬರ್ 14ಕ್ಕೆ ಬದಲಾಯಿಸಲಾಯಿತು." ಇದನ್ನ ನೀವೂ ಓದಿರ್ತೀರ, ಪ್ರತಿ ವರ್ಷ ವಾಟ್ಸಾಪಲ್ಲಿ ಬರುತ್ತೆ, ಭಾಷಣ ಸಂಗ್ರಹದ ಪುಸ್ತಕಗಳಲ್ಲೂ ಇರುತ್ತೆ. ಕೇಳೋಕೆ ಸರಿಯಾಗೇ ಇದೆ, ನೆಹರೂ ತೀರ್ಕೊಂಡಿದ್ದು 1964ರ ಮೇ 27 ಅನ್ನೋದೂ ನಿಜಾನೇ.

ನಾನು ಅವಳಿಗೆ ತಪ್ಪು ಅಂತ ಹೇಳೋಕೆ ಹೋಗ್ಲಿಲ್ಲ, ನವೆಂಬರ್ 20 ಅನ್ನೋ ದಿನ ಎಲ್ಲಿಂದ ಬಂತು ನೋಡೋಣ ಬಾ ಅಂತ ಕೂರಿಸ್ಕೊಂಡೆ. ವಿಶ್ವಸಂಸ್ಥೆ 1954ರಲ್ಲಿ ಎಲ್ಲ ದೇಶಗಳೂ ಮಕ್ಕಳ ದಿನ ಆಚರಿಸ್ಲಿ ಅಂತ ನಿರ್ಣಯ ಮಾಡ್ತು, ಆದ್ರೆ ತಾರೀಖು ಯಾವ್ದು ಅನ್ನೋದನ್ನ ಆಯಾ ಸರ್ಕಾರಕ್ಕೇ ಬಿಡ್ತು. ನವೆಂಬರ್ 20ಕ್ಕೆ ತೂಕ ಬಂದಿದ್ದು ಮಕ್ಕಳ ಹಕ್ಕುಗಳ ಘೋಷಣೆ ಪಾಸಾದಾಗ, ಅದು 1959ರ ನವೆಂಬರ್ 20. ಆಮೇಲೆ 1989ರಲ್ಲಿ ಮಕ್ಕಳ ಹಕ್ಕುಗಳ ಒಡಂಬಡಿಕೆ ಆಗಿದ್ದೂ ಅದೇ ತಾರೀಖು.

ಈಗ ಸ್ಟಾಂಪಿನ ವಿಷಯ. ನಮ್ಮ ಅಂಚೆ ಇಲಾಖೆ ಮಕ್ಕಳ ದಿನ ಅಂತ ಮೂರು ಸ್ಟಾಂಪ್ ತಂದಿತ್ತು, ಒಂದರಲ್ಲಿ ಬಾಳೆಹಣ್ಣು ತಿನ್ನೋ ಮಗು, ಒಂದರಲ್ಲಿ ಬರೀತಿರೋ ಹುಡುಗಿ, ಇನ್ನೊಂದರಲ್ಲಿ ಬಂಗಾಳದ ಬಾಂಕುರಾ ಮಣ್ಣಿನ ಕುದುರೆ. ಊಟ, ಓದು, ಆಟ ಅಂತ ಲೆಕ್ಕ. ಬಿಡುಗಡೆಯಾದ ದಿನ 1957ರ ನವೆಂಬರ್ 14. ಸ್ಟಾಂಪ್ ಕಲೆಕ್ಟ್ ಮಾಡೋರ ಕ್ಯಾಟಲಾಗ್ ಯಾವುದ್ರಲ್ಲಾದ್ರೂ ಸಿಗುತ್ತೆ.

ಅವಳೇ ನೋಟ್‌ಬುಕ್ಕಲ್ಲಿ ಗೆರೆ ಎಳೆದು 1954, 1957, 1959, 1964 ಅಂತ ಸಾಲಾಗಿ ಬರೆದ್ಲು. ಬರೆದು ಸ್ವಲ್ಪ ಹೊತ್ತು ನೋಡಿ, "ಮಿಸ್, 57ರಲ್ಲೇ ನವೆಂಬರ್ 14 ಇತ್ತಲ್ಲ, ಆಗ 20ನೇ ತಾರೀಖಿನ ಘೋಷಣೆನೇ ಆಗಿರ್ಲಿಲ್ಲ!" ಅಂದ್ಲು. ಅಷ್ಟೇ ಬೇಕಾಗಿದ್ದು. ನೆಹರೂ ಹೋದ್ಮೇಲೆ ಆ ದಿನಕ್ಕೆ ಅವರ ನೆನಪು ಸೇರ್ಕೊಂಡು ಇನ್ನೂ ಗಟ್ಟಿಯಾಯ್ತು ಅನ್ನಬಹುದು, ಆದ್ರೆ 1964ರಲ್ಲಿ ಹೊಸದಾಗಿ ಹುಟ್ಟಿದ ದಿನ ಅಲ್ಲ ಅದು.

ಭಾಷಣದ ಆ ಭಾಗ ಕೊನೆಗೆ ಹೀಗೆ ಬಂತು: "ನೆಹರೂ ಅವರು ಹುಟ್ಟಿದ್ದು 1889ರ ನವೆಂಬರ್ 14, ಅಲಹಾಬಾದಿನಲ್ಲಿ. ಮಕ್ಕಳಿಗೊಂದು ದಿನ ಇರಲಿ, ಯಾವ ದಿನ ಅಂತ ನೀವೇ ತೀರ್ಮಾನ ಮಾಡಿ ಅಂತ ವಿಶ್ವಸಂಸ್ಥೆ 1954ರಲ್ಲಿ ದೇಶಗಳಿಗೆ ಹೇಳಿತು. 1957ರ ನವೆಂಬರ್ 14ಕ್ಕೆ ಮಕ್ಕಳ ದಿನದ ಸ್ಟಾಂಪು ಬಂತು. ಅದರಲ್ಲಿ ಪ್ರಧಾನಿ ಚಿತ್ರ ಇರಲಿಲ್ಲ, ಬಾಳೆಹಣ್ಣು ತಿನ್ನೋ ಮಗು ಇತ್ತು." ಕೊನೇ ಸಾಲು ಅವಳದ್ದೇ, ನಾನು ಹೇಳ್ಕೊಟ್ಟಿದ್ದಲ್ಲ, ಇಡೀ ಭಾಷಣದಲ್ಲಿ ಜನ ನಕ್ಕಿದ್ದೂ ಅದಕ್ಕೇ. ಗುಲಾಬಿ ಹೂವಿನ ವಿಷಯ ತೆಗೆಸಿದೆ, ತಾರೀಖಿಗೆ ಅದೇನೂ ಸಂಬಂಧ ಇಲ್ಲ, ಮತ್ತೆ ಹೆಂಗೂ ಪುಟಾಣಿಗಳು ಕೋಟಿಗೆ ಸಿಕ್ಕಿಸ್ಕೊಂಡೇ ಬರ್ತಾರೆ.

ಇದೇ ಎರಡು ಪ್ರಶ್ನೆಯಿಂದ ಇನ್ನೊಂದು ಗೊಂದಲವೂ ಬಗೆಹರಿಯುತ್ತೆ. ವಿಶ್ವ ಶಿಕ್ಷಕರ ದಿನ ಅಕ್ಟೋಬರ್ 5, ನಮ್ಮದು ಸೆಪ್ಟೆಂಬರ್ 5, ಎರಡೂ ಐದೇ ಆಗಿರೋದ್ರಿಂದ ಮಕ್ಕಳು ಒಂದನ್ನ ನೋಡಿ ಇನ್ನೊಂದು ಮಾಡಿದ್ದು ಅಂದ್ಕೋತಾರೆ. ಅಕ್ಟೋಬರ್ 5ಕ್ಕೆ ಕಾರಣ ಹುಟ್ಟುಹಬ್ಬ ಅಲ್ಲ, 1966ರಲ್ಲಿ ಶಿಕ್ಷಕರ ಸ್ಥಾನಮಾನದ ಬಗ್ಗೆ ಪ್ಯಾರಿಸ್ಸಲ್ಲಿ ಒಪ್ಪಿದ ಶಿಫಾರಸು, ಅದನ್ನ ದಿನವಾಗಿ ಆಚರಿಸೋಕೆ ಶುರು ಮಾಡಿದ್ದು 1994ರಲ್ಲಿ. ಅಷ್ಟೊತ್ತಿಗೆ ನಮ್ಮ ದಿನಕ್ಕೆ 32 ವರ್ಷ ಆಗಿತ್ತು.

ಭಾಷಣ ಆದ್ಮೇಲೆ ಕ್ಲಾಸಲ್ಲಿ ಒಬ್ಬ ಹುಡುಗ ಕೇಳ್ದ, "ಹಂಗಾದ್ರೆ ಮಿಸ್, ಅವರು ಬದುಕಿದ್ದಾಗ್ಲೇ ಅವರ ಬರ್ತ್‌ಡೇ ದೇಶ ಪೂರ್ತಿ ಮಾಡ್ತಿದ್ರಾ?" ಒಳ್ಳೇ ಪ್ರಶ್ನೆ, ಜಯಂತಿ ಅಂದ್ರೆ ತೀರ್ಕೊಂಡೋರದ್ದು ಅಂತ ಅವನ ಲೆಕ್ಕ. ಹೌದಪ್ಪ, ಎರಡೂ ಅವರಿದ್ದಾಗ್ಲೇ ಶುರುವಾಗಿದ್ದು, ಸ್ಟಾಂಪ್ ಬಂದಾಗ ನೆಹರೂ ಪ್ರಧಾನಿ, ಮೊದಲ ಶಿಕ್ಷಕರ ದಿನ ಆದಾಗ ರಾಧಾಕೃಷ್ಣನ್ ರಾಷ್ಟ್ರಪತಿ ಅಂದೆ. ಅಧಿಕಾರದಲ್ಲಿ ಇರೋರ ಹುಟ್ಟುಹಬ್ಬನ ಹಿಂಗೆ ದೇಶದ ದಿನ ಮಾಡೋದು ಸರೀನಾ ಅಂತ ಪಕ್ಕದವನು ಶುರು ಮಾಡ್ದ. ಅದನ್ನ ಮುಂದಿನ ವಾರದ ಚರ್ಚಾ ಸ್ಪರ್ಧೆಗೆ ಟಾಪಿಕ್ ಮಾಡ್ಕೊಂಡಿದೀವಿ, ಪರ ಮಾತಾಡೋಕೆ ಇನ್ನೂ ಯಾರೂ ಹೆಸರು ಕೊಟ್ಟಿಲ್ಲ.